ಹೆಲ್ಪರ್ ಬೇಕು: ಒಂದು ಫಾರ್ವರ್ಡ್ ಮೆಸೇಜನ್ನು ಐದು ಸಲ ಕಟ್ಟಿ ಬಿಚ್ಚಿದ ಕಥೆ

ನನ್ನದು ಸಣ್ಣ ವೆಲ್ಡಿಂಗ್ ಶಾಪ್. ನಾನು, ಇನ್ನೊಬ್ಬ ವೆಲ್ಡರ್, ಒಬ್ಬ ಹೆಲ್ಪರ್, ಅಷ್ಟೇ ಜನ. ಫೆಬ್ರವರಿ ಕೊನೆಗೆ ಹೆಲ್ಪರ್ ಬಿಟ್ಟು ಹೋದ. ಆರು ಮೀಟರ್ ಪೈಪನ್ನು ಒಬ್ಬನೇ ಹಿಡಿದು ಕಟ್ ಮಾಡುವುದು ಎಂಥ ಪಾಡು ಅಂತ ಮಾಡಿದವರಿಗೆ ಗೊತ್ತು. ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿದರೆ ಎರಡು ದಿನದಲ್ಲಿ ಯಾರಾದರೂ ಸಿಗುತ್ತಾರೆ ಅಂದುಕೊಂಡೆ. ಹನ್ನೆರಡು ದಿನ ಹಿಡಿಯಿತು. ಅದರಲ್ಲಿ ಎಂಟು ದಿನ ಹೋಗಿದ್ದು ನನ್ನ ತಪ್ಪಿನಿಂದಲೇ.

ಬಂದ ಪ್ರತಿ ಕಾಲ್‌ಗೂ ಒಂದು ಸಾಲಿನಂತೆ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ. ಅದನ್ನು ನೋಡಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಬಳಸಿದ ಸಾಮಾನು: ನನ್ನ ಫೋನ್, ಹೇಗೆ ಕಾಣುತ್ತೆ ಅಂತ ನೋಡಲು ತಮ್ಮನ ಹಳೆಯ ಫೋನ್, ಒಂದು ನೋಟ್‌ಬುಕ್, ಒಂದು ಪೆನ್ನು. ದುಡ್ಡಿನ ಖರ್ಚು ಏನೂ ಇಲ್ಲ. ಸಂಜೆಗಳು ಹಾಳಾದವು, ಅದು ಬೇರೆ ಲೆಕ್ಕ.

ಮಾರ್ಚ್ 3: ಪೋಸ್ಟರ್

ಮೊದಲು ಮಾಡಿದ್ದು ಫೋಟೋ ಪೋಸ್ಟರ್. ಫೋನಿನ ಒಂದು ಆ್ಯಪ್‌ನಲ್ಲಿ ಹಳದಿ ಬ್ಯಾಕ್‌ಗ್ರೌಂಡ್ ಹಾಕಿ, ಕೆಂಪು ಅಕ್ಷರದಲ್ಲಿ "ಕೂಡಲೇ ಬೇಕಾಗಿದ್ದಾರೆ" ಅಂತ ಬರೆದೆ. ಪಕ್ಕದಲ್ಲಿ ಕಿಡಿ ಹಾರುವ ವೆಲ್ಡಿಂಗ್ ಚಿತ್ರ, ಕೆಳಗೆ "ಆಕರ್ಷಕ ಸಂಬಳ", ಅದರ ಕೆಳಗೆ ನನ್ನ ನಂಬರ್. ಎರಡು ಗಂಟೆ ಕೂತು ಮಾಡಿದ್ದು. ನೋಡೋಕೆ ಚೆನ್ನಾಗಿಯೇ ಇತ್ತು.

ಎರಡು ದಿನದಲ್ಲಿ ನಾಲ್ಕು ಕಾಲ್ ಬಂತು. ಒಬ್ಬನೂ ಕೆಲಸಕ್ಕೆ ಆಗುವವನಲ್ಲ.

ತಮ್ಮನ ಫೋನಿಗೆ ಕಳಿಸಿ ನೋಡಿದಾಗ ಕಾರಣ ಕಂಡಿತು. ಅವನ ಫೋನ್‌ನಲ್ಲಿ ಫೋಟೋ ತಾನಾಗಿ ಡೌನ್‌ಲೋಡ್ ಆಗದ ಹಾಗೆ ಸೆಟ್ಟಿಂಗ್ ಇತ್ತು. ಅಲ್ಲಿ ಕಂಡಿದ್ದು ಮಸುಕಾದ ಹಳದಿ ಚೌಕ, ಮಧ್ಯೆ ಒಂದು ಬಾಣ. ಇಂಥ ಚೌಕ ದಿನಕ್ಕೆ ಎಷ್ಟೋ ಬರುತ್ತವೆ, ಯಾರು ಒತ್ತುತ್ತಾರೆ? ಒತ್ತಿದವರಿಗೂ ಇನ್ನೊಂದು ಕಷ್ಟ. ಫೋಟೋದೊಳಗಿನ ನಂಬರನ್ನು ಮುಟ್ಟಿದರೆ ಕಾಲ್ ಹೋಗುವುದಿಲ್ಲ. ಬೇರೆ ಕಾಗದದ ಮೇಲೆ ಬರೆದುಕೊಂಡು ಡಯಲ್ ಮಾಡಬೇಕು. ಎರಡು ದಿನ ಬಿಟ್ಟು "ಆ ವೆಲ್ಡಿಂಗ್ ಮೆಸೇಜ್ ಎಲ್ಲಿ ಹೋಯ್ತು" ಅಂತ ಚಾಟ್‌ನಲ್ಲಿ "ಹೆಲ್ಪರ್" ಅಂತ ಹುಡುಕಿದರೂ ಸಿಗುವುದಿಲ್ಲ, ಅಕ್ಷರಗಳೆಲ್ಲ ಫೋಟೋದೊಳಗೆ ಇವೆಯಲ್ಲ.

ಆದರೆ ನಿಜವಾಗಿ ಕಣ್ಣು ತೆರೆಸಿದ್ದು ನಾಲ್ಕನೇ ಕಾಲ್. ಆ ಹುಡುಗ ಮೊದಲು ಕೇಳಿದ್ದೇ, "ಅಣ್ಣಾ, ರಿಜಿಸ್ಟ್ರೇಷನ್ ಫೀಸ್ ಎಷ್ಟು ಕಟ್ಟಬೇಕು?" ಅಂತ. ನಾನು ನಕ್ಕೆ. ಅವನು ನಗಲಿಲ್ಲ. ಹೋದ ವರ್ಷ ಇಂಥದೇ ಒಂದು ಪೋಸ್ಟರ್ ನೋಡಿ ದುಡ್ಡು ಕಟ್ಟಿ ಕಳೆದುಕೊಂಡಿದ್ದನಂತೆ. ಕೆಂಪು ಅಕ್ಷರ, "ಕೂಡಲೇ", "ಆಕರ್ಷಕ ಸಂಬಳ", ಕೆಲಸ ಏನು ಎಲ್ಲಿ ಅಂತ ಇಲ್ಲ. ಮೋಸದ ಮೆಸೇಜ್‌ಗಳ ವೇಷವನ್ನೇ ನಾನು ಹಾಕಿಕೊಂಡು ನಿಂತಿದ್ದೆ.

ಪೋಸ್ಟರ್ ಬಿಟ್ಟೆ. ಇನ್ನು ಮುಂದೆ ಬರೀ ಅಕ್ಷರ.

ಮಾರ್ಚ್ 5: ಉದ್ದ ಮೆಸೇಜ್

ನಂಬಿಕೆ ಬರಬೇಕು ಅಂದರೆ ಎಲ್ಲ ಹೇಳಬೇಕು ಅಂತ ಈ ಸಲ ಇನ್ನೊಂದು ತುದಿಗೆ ಹೋದೆ. ಶಾಪ್ ಶುರುವಾಗಿದ್ದು ಯಾವಾಗ, ಯಾವ ಯಾವ ಕೆಲಸ ಮಾಡುತ್ತೇವೆ, ಹುಡುಗ ಹೇಗಿರಬೇಕು, ಶಿಸ್ತು, ಪ್ರಾಮಾಣಿಕತೆ, ಎಲ್ಲ ಬರೆದೆ. ಇಪ್ಪತ್ತೆರಡು ಸಾಲು. ನಂಬರ್ ಕೊನೆಯ ಸಾಲಲ್ಲಿ.

ವಾಟ್ಸಾಪ್ ಉದ್ದದ ಮೆಸೇಜನ್ನು ಮಧ್ಯದಲ್ಲೇ ಕತ್ತರಿಸಿ ಕೆಳಗೆ "Read more" ಅಂತ ತೋರಿಸುತ್ತೆ. ನನ್ನದು ಸರಿಯಾಗಿ "ಪ್ರಾಮಾಣಿಕತೆ" ಹತ್ತಿರ ಕಟ್ ಆಗಿತ್ತು. ಸಂಬಳದ ಮಾತು, ಜಾಗ, ನಂಬರ್, ಮೂರೂ ಮಡಿಕೆಯ ಕೆಳಗೆ. ಬರೆಯುವಾಗ ಇದು ಗೊತ್ತಾಗುವುದಿಲ್ಲ, ಕಳಿಸಿದ ಮೇಲೆಯೇ ಕಾಣುತ್ತೆ. ಅದಕ್ಕೇ ಮೊದಲು ಎರಡನೇ ಫೋನಿಗೆ ಕಳಿಸಿ ನೋಡಬೇಕು.

ಇನ್ನೊಂದು ಚಿಕ್ಕ ಎಡವಟ್ಟು. ತಲೆಬರಹ ದಪ್ಪ ಅಕ್ಷರದಲ್ಲಿ ಬರಲಿ ಅಂತ ನಕ್ಷತ್ರ ಚಿಹ್ನೆ ಹಾಕಿದ್ದೆ. ಅಕ್ಷರ ದಪ್ಪ ಆಗಲೇ ಇಲ್ಲ. ಚಿಹ್ನೆಗೂ ಅಕ್ಷರಕ್ಕೂ ನಡುವೆ ಜಾಗ ಬಿಟ್ಟಿದ್ದೇ ತಪ್ಪು.

```
* ಹೆಲ್ಪರ್ ಬೇಕು *    (ದಪ್ಪ ಆಗಲ್ಲ)
*ಹೆಲ್ಪರ್ ಬೇಕು*      (ದಪ್ಪ ಆಗುತ್ತೆ)
```

ಮಾರ್ಚ್ 6: ನೋಟ್‌ಬುಕ್ ನೋಡಿದೆ

ಉದ್ದ ಮೆಸೇಜ್‌ಗೆ ಏಳು ಕಾಲ್ ಬಂತು. ಪೋಸ್ಟರಿನ ನಾಲ್ಕು ಸೇರಿ ಹನ್ನೊಂದು. ಯಾರು ಏನು ಕೇಳಿದರು ಅಂತ ಎಣಿಸಿದೆ. ಹನ್ನೊಂದೂ ಜನ ಸಂಬಳ ಕೇಳಿದ್ದರು. ಎಂಟು ಜನ ಶಾಪ್ ಎಲ್ಲಿ ಅಂತ ಕೇಳಿದ್ದರು. ಐದು ಜನ ಉಳಿಯೋಕೆ ಜಾಗ ಇದೆಯಾ ಅಂತ, ನಾಲ್ಕು ಜನ ಕೆಲಸ ಗೊತ್ತಿರಬೇಕಾ ಅಂತ. ಶಾಪ್ ಯಾವಾಗ ಶುರುವಾಯಿತು ಅಂತ ಒಬ್ಬನೂ ಕೇಳಲಿಲ್ಲ.

ಹಾಗಾದರೆ ಮೆಸೇಜ್‌ನಲ್ಲಿ ಏನಿರಬೇಕು ಅಂತ ನಾನು ಯೋಚಿಸಬೇಕಾಗಿಯೇ ಇರಲಿಲ್ಲ. ಕಾಲ್ ಮಾಡಿದವರೇ ಬರೆದುಕೊಟ್ಟಿದ್ದರು.

ಸಂಬಳದ ಸಾಲಿಗೆ ಮಾತ್ರ ಕೈ ನಡುಗಿತು. ಉದ್ದ ಮೆಸೇಜ್‌ನಲ್ಲೂ ನಾನು "ಸಂಬಳ ಮಾತಾಡೋಣ" ಅಂತಲೇ ಹಾಕಿದ್ದೆ. ಗಿರಾಕಿಗಳು ನೋಡುತ್ತಾರೆ, ಬೇರೆ ಶಾಪಿನವರು ನೋಡುತ್ತಾರೆ, ನನ್ನ ವೆಲ್ಡರ್ ನೋಡಿ "ಹೊಸಬನಿಗೆ ಇಷ್ಟಾ?" ಅನ್ನುತ್ತಾನೆ, ಇದೇ ಭಯ. ಆದರೆ ಆ ಹನ್ನೊಂದು ಕಾಲ್‌ಗಳಲ್ಲಿ ಆರು, ನಾನು ಮೊತ್ತ ಹೇಳಿದ ತಕ್ಷಣ "ಆಯ್ತಣ್ಣ, ಹೇಳ್ತೀನಿ" ಅಂತ ಮುಗಿದಿದ್ದವು. ಆ ಆರು ಜನಕ್ಕೂ ಸಮಯ ವ್ಯರ್ಥ, ನನಗೂ ವ್ಯರ್ಥ.

ಮೊದಲು "ಇಷ್ಟರಿಂದ ಇಷ್ಟರವರೆಗೆ" ಅಂತ ಬರೆಯೋಣ ಅಂದುಕೊಂಡೆ. ತಮ್ಮ ಬೇಡ ಅಂದ. "ನೀನು ಕೆಳಗಿನ ಮೊತ್ತ ಮನಸ್ಸಲ್ಲಿಟ್ಟುಕೊಂಡು ಬರೆಯುತ್ತೀಯ, ಓದುವವನು ಮೇಲಿನದನ್ನೇ ಓದುತ್ತಾನೆ. ಮೊದಲ ದಿನವೇ ಜಗಳ." ಸರಿ ಅನ್ನಿಸಿತು. ಏನೂ ಗೊತ್ತಿಲ್ಲದ ಹೊಸಬನಿಗೆ ಮೊದಲ ದಿನದಿಂದ ಎಷ್ಟು ಕೊಡುತ್ತೇನೋ ಆ ಒಂದೇ ಮೊತ್ತ ಹಾಕಿದೆ. ಜೊತೆಗೆ ಅದು ಯಾವಾಗ ಕೈಗೆ ಬರುತ್ತೆ ಅಂತಲೂ. ವಾರದ ಬಟವಾಡೆಯೋ ತಿಂಗಳ ಬಟವಾಡೆಯೋ ಅನ್ನುವುದು ಹೆಲ್ಪರ್ ಕೆಲಸಕ್ಕೆ ಬರುವವರಿಗೆ ಮೊತ್ತದಷ್ಟೇ ಮುಖ್ಯ ಅಂತ ಆಮೇಲೆ ಬಂದ ಕಾಲ್‌ಗಳಲ್ಲಿ ತಿಳಿಯಿತು.

ವೆಲ್ಡರ್ ಬಗ್ಗೆ ಇದ್ದ ಭಯಕ್ಕೆ ಒಂದೇ ಮದ್ದು ಇತ್ತು. ಮೆಸೇಜ್ ಹೋಗುವ ಮೊದಲು ಅವನಿಗೇ ತೋರಿಸಿದೆ. ಅವನು ಓದಿ, "ಭಾರ ಎತ್ತಬೇಕು ಅಂತ ಹಾಕಿ, ಇಲ್ಲಾಂದ್ರೆ ಬಂದವನು ಮಧ್ಯಾಹ್ನಕ್ಕೇ ಓಡ್ತಾನೆ" ಅಂದ. ಅಷ್ಟೇ.

ಮಾರ್ಚ್ 7: ಒಂದು ಅಂಕಿ

ಇದು ಬರೆಯೋಕೆ ನಾಚಿಕೆ ಆಗುವ ಭಾಗ.

ಮೂರನೇ ಮೆಸೇಜ್ ಚಿಕ್ಕದಾಗಿ ಚೆನ್ನಾಗಿ ಬಂದಿತ್ತು. ಸಂಜೆ ಏಳಕ್ಕೆ ಮೂರು ಗ್ರೂಪಿಗೆ ಹಾಕಿದೆ. ಹತ್ತು ನಿಮಿಷ ಬಿಟ್ಟು ಓದಿ ನೋಡಿದರೆ ನನ್ನ ನಂಬರಿನಲ್ಲೇ ಒಂದು ಅಂಕಿ ತಪ್ಪು. ಗಾಬರಿಯಲ್ಲಿ ಎಡಿಟ್ ಒತ್ತಿದೆ. ವಾಟ್ಸಾಪ್‌ನಲ್ಲಿ ಕಳಿಸಿದ 15 ನಿಮಿಷದೊಳಗೆ ಮೆಸೇಜ್ ತಿದ್ದಬಹುದು. ಮೂರೂ ಗ್ರೂಪಿನಲ್ಲಿ ತಿದ್ದಿ, ಬಚಾವಾದೆ ಅಂತ ಮಲಗಿದೆ.

ಮಾರನೇ ದಿನ ಒಂದೂ ಕಾಲ್ ಇಲ್ಲ. ಅದರ ಮಾರನೇ ದಿನ ಬೆಳಿಗ್ಗೆ ಒಬ್ಬ ಹುಡುಗ ಶಾಪ್ ಹೆಸರು ಕೇಳಿಕೊಂಡು ನೇರ ಬಂದ. "ಸಾರ್, ನೀವು ಕೊಟ್ಟ ನಂಬರಿಗೆ ಮಾಡಿದರೆ ಯಾರೋ ಮೇಷ್ಟ್ರು ಬೈತಾರೆ" ಅಂದ. ಅವನ ಫೋನ್ ತೆಗೆದುಕೊಂಡು ನೋಡಿದೆ. ತಪ್ಪು ನಂಬರ್ ಹಾಗೇ ಇತ್ತು.

ಆಗಿದ್ದು ಇಷ್ಟು. ಆ ಹತ್ತು ನಿಮಿಷದಲ್ಲೇ ಯಾರೋ ಒಬ್ಬರು ಅದನ್ನು ಬೇರೆ ಗ್ರೂಪುಗಳಿಗೆ ಫಾರ್ವರ್ಡ್ ಮಾಡಿದ್ದರು. ಫಾರ್ವರ್ಡ್ ಆದದ್ದು ಬೇರೆಯೇ ಪ್ರತಿ. ನಾನು ನನ್ನದನ್ನು ತಿದ್ದಿದರೆ ಅದು ತಿದ್ದಿಕೊಳ್ಳುವುದಿಲ್ಲ. ನಾನು "Delete for everyone" ಒತ್ತಿದರೂ ಅಳಿಯುವುದು ನಾನು ಹಾಕಿದ ಚಾಟ್‌ನಲ್ಲಿ ಮಾತ್ರ. ಊರು ಸುತ್ತುತ್ತಿರುವ ಪ್ರತಿಗೂ ನನಗೂ ಇನ್ನು ಯಾವ ಸಂಬಂಧವೂ ಇಲ್ಲ.

ಆ ತಪ್ಪು ನಂಬರಿಗೆ ನಾನೇ ಕಾಲ್ ಮಾಡಿದೆ. ಪಾಪ, ಅವರು ಫೋನ್ ಎತ್ತಿದ್ದೇ "ಇಲ್ಲಿ ವೆಲ್ಡಿಂಗ್ ಇಲ್ಲ" ಅಂತ. ಕ್ಷಮೆ ಕೇಳಿದೆ. ಒಂಬತ್ತು ಕಾಲ್ ಬಂದಿತ್ತಂತೆ. ಅಂದರೆ ನನಗೆ ಬರಬೇಕಾಗಿದ್ದ ಒಂಬತ್ತು ಜನ. ಇನ್ನೂ ಬಂದರೆ ಸರಿಯಾದ ನಂಬರ್ ಕೊಟ್ಟುಬಿಡಿ ಅಂತ ಬೇಡಿಕೊಂಡೆ. "ನಾನೇನು ನಿಮ್ಮ ಆಫೀಸಾ" ಅಂದರು. ಆದರೂ ಇಬ್ಬರಿಗೆ ಕೊಟ್ಟಿದ್ದಾರೆ, ಅದು ಆಮೇಲೆ ಗೊತ್ತಾಯಿತು.

ಈಗ ಮಾಡುವುದು ಹೀಗೆ. ಮೆಸೇಜನ್ನು ಮೊದಲು ತಮ್ಮನ ಫೋನಿಗೆ ಮಾತ್ರ ಕಳಿಸುತ್ತೇನೆ. ಅವನ ಫೋನಲ್ಲಿ ಆ ನಂಬರ್ ಮೇಲೆ ಬೆರಳಿಟ್ಟು ಕಾಲ್ ಮಾಡುತ್ತೇನೆ. ನನ್ನ ಜೇಬಲ್ಲಿ ಫೋನ್ ರಿಂಗ್ ಆದರೆ ಮಾತ್ರ ಮೆಸೇಜ್ ಹೊರಗೆ ಹೋಗುತ್ತೆ. ಕಣ್ಣಲ್ಲಿ ಓದಿ ಸರಿ ಇದೆ ಅನ್ನುವುದು ಸಾಲದು. ನಮ್ಮ ನಂಬರ್ ನಮಗೆ ಎಷ್ಟು ಪರಿಚಯ ಅಂದರೆ ತಪ್ಪಿದ್ದರೂ ಸರಿಯಾಗೇ ಕಾಣುತ್ತೆ.

ಮಾರ್ಚ್ 9: ಬ್ರಾಡ್‌ಕಾಸ್ಟ್ ಲಿಸ್ಟ್

ಗ್ರೂಪುಗಳ ಸಹವಾಸ ಬೇಡ, ಗೊತ್ತಿರುವವರಿಗೇ ಕಳಿಸೋಣ ಅಂತ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದೆ. ಒಂದು ಲಿಸ್ಟಿಗೆ 256 ಜನರವರೆಗೆ ಸೇರಿಸಬಹುದು. ನಾನು ಹಳೆಯ ಗಿರಾಕಿಗಳು, ಹಾರ್ಡ್‌ವೇರ್ ಅಂಗಡಿಯವರು, ಗಾರೆ ಮೇಸ್ತ್ರಿಗಳು ಅಂತ 140 ಜನ ಸೇರಿಸಿದೆ. ನಾಲ್ಕನೇ ಮೆಸೇಜ್ ಕಳಿಸಿದೆ.

ಸಂಜೆ ಮೆಸೇಜ್ ಒತ್ತಿ ಹಿಡಿದು ಇನ್ಫೋ ತೆರೆದು ನೋಡಿದರೆ ತಲುಪಿದವರು 50 ಜನವೂ ಇಲ್ಲ. ಕಾರಣ ಇಷ್ಟೇ. ನಿಮ್ಮ ನಂಬರನ್ನು ತಮ್ಮ ಫೋನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಹೋಗುತ್ತೆ. ಒಂದು ಸಲ ಗೇಟ್ ಮಾಡಿಸಿಕೊಂಡು ಹೋದ ಗಿರಾಕಿ ನನ್ನ ನಂಬರ್ ಯಾಕೆ ಇಟ್ಟುಕೊಳ್ಳುತ್ತಾನೆ, ಅಲ್ವಾ? ನನ್ನ ಹತ್ತಿರ ಅವನ ನಂಬರ್ ಇದೆ ಅನ್ನುವುದು ಲೆಕ್ಕಕ್ಕಿಲ್ಲ.

ಒಂದು ಲಾಭ ಆಯಿತು. ತಲುಪಿದವರು ಯಾರು ಅಂತ ನೋಡಿದರೆ ಹೆಚ್ಚಿನವರು ಮೇಸ್ತ್ರಿಗಳು, ಪೇಂಟರ್‌ಗಳು, ಗೂಡ್ಸ್ ಗಾಡಿ ಓಡಿಸುವವರು. ಅಂದರೆ ಕೆಲಸ ಹುಡುಕುವ ಹುಡುಗರು ಅವರಿಗೇ ಗೊತ್ತಿರುತ್ತಾರೆ. ಉಳಿದ ನೂರು ಜನರನ್ನು ಬಿಟ್ಟು, ಇವರಲ್ಲಿ ಹನ್ನೆರಡು ಜನರಿಗೆ ಬೇರೆ ಬೇರೆಯಾಗಿ ಕಳಿಸಿದೆ, ಮೇಲೆ ಹೆಸರು ಹಿಡಿದು ಒಂದು ಸಾಲು ಬರೆದು.

ಒಬ್ಬೊಬ್ಬರಿಗೂ ಹೊಸದಾಗಿ ಕಳಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕೈಯಿಂದ ಕೈಗೆ ಐದು ಸಲ ಅಥವಾ ಅದಕ್ಕಿಂತ ಜಾಸ್ತಿ ದಾಟಿದ ಮೆಸೇಜ್ ಮೇಲೆ ವಾಟ್ಸಾಪ್ ಎರಡು ಬಾಣದ ಗುರುತಿನ ಜೊತೆ "Forwarded many times" ಅಂತ ಹಾಕುತ್ತೆ. ಆಮೇಲೆ ಅದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಜನ ಆ ಗುರುತು ನೋಡಿದರೆ ಓದುವ ಮೊದಲೇ "ಇದು ಸುಳ್ಳು" ಅಂತ ತೀರ್ಮಾನ ಮಾಡಿರುತ್ತಾರೆ. ಗೊತ್ತಿರುವ ಮೇಸ್ತ್ರಿಯಿಂದ ನೇರ ಬಂದ ಮೆಸೇಜ್‌ಗೆ ಆ ಶನಿ ಇರುವುದಿಲ್ಲ.

ಅದೇ ದಿನ ರಾತ್ರಿ: ಲಿಂಕ್ ಹುಚ್ಚು

ಯಾರೋ ಹೇಳಿದರು, ನಂಬರ್ ಬದಲು ಲಿಂಕ್ ಹಾಕು, ಒತ್ತಿದರೆ ನಿನ್ನ ಚಾಟ್ ತೆರೆದು ಮೆಸೇಜ್ ತಾನೇ ತುಂಬಿಕೊಂಡಿರುತ್ತೆ ಅಂತ. ನಿಜ, ಆಗುತ್ತೆ. ದೇಶದ ಕೋಡ್ ಸೇರಿಸಿ, ಮುಂದಿನ ಪ್ಲಸ್ ಮತ್ತು ಸೊನ್ನೆ ಬಿಟ್ಟು ನಂಬರ್ ಹಾಕಬೇಕು. ಆದರೆ ಕನ್ನಡದಲ್ಲಿ "ಹೆಲ್ಪರ್" ಅಂತ ಒಂದೇ ಪದ ತುಂಬಿಸಿದರೆ ಲಿಂಕ್ ಹೀಗಾಗುತ್ತೆ:

```
https://wa.me/<number>?text=%E0%B2%B9%E0%B3%86%E0%B2%B2%E0%B3%8D%E0%B2%AA%E0%B2%B0%E0%B3%8D
```

ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ ಒಂಬತ್ತು ಇಂಗ್ಲಿಷ್ ಗುರುತು. ಒಂದು ಪದಕ್ಕೆ 63. ತಮ್ಮ ನೋಡಿ, "ಇದನ್ನ ಒತ್ತಿದರೆ ನನ್ನ ಅಕೌಂಟ್ ಖಾಲಿ ಆಗೋ ಹಾಗಿದೆ" ಅಂದ. ಅಳಿಸಿ ಹಾಕಿದೆ. ಬರೀ ನಂಬರ್ ಸಾಕು, ಅದನ್ನು ಮುಟ್ಟಿದರೆ ಕಾಲ್ ಹೋಗುತ್ತೆ.

ಮಾರ್ಚ್ 11: ಕೆಲಸ ಮಾಡಿದ ಮೆಸೇಜ್

ಐದನೆಯದು. ನಮ್ಮ ಏರಿಯಾ, ಮೊತ್ತ, ನಂಬರ್ ಇಲ್ಲಿ ತೆಗೆದಿದ್ದೇನೆ. ಉಳಿದದ್ದು ಹೋದ ಹಾಗೇ ಇದೆ.

```
*ಹೆಲ್ಪರ್ ಬೇಕು: ವೆಲ್ಡಿಂಗ್ ಶಾಪ್, (ಏರಿಯಾ)*
ಒಬ್ಬರು. ಅನುಭವ ಬೇಡ. 18 ತುಂಬಿರಬೇಕು.
ಕೆಲಸ: ಪೈಪ್ ಹಿಡಿಯೋದು, ಗ್ರೈಂಡಿಂಗ್, ಪೇಂಟ್, ಲೋಡಿಂಗ್. ಭಾರ ಎತ್ತಬೇಕು.
ಸಮಯ: ಬೆಳಿಗ್ಗೆ 9 ರಿಂದ ಸಂಜೆ 6. ಭಾನುವಾರ ರಜೆ.
ಸಂಬಳ: ದಿನಕ್ಕೆ (ಮೊತ್ತ), ಪ್ರತಿ ಶನಿವಾರ ಕೈಗೆ.
ಉಳಿಯಲು ಜಾಗ ಇಲ್ಲ. ಯಾವ ಫೀಸೂ ಇಲ್ಲ.
ಕಾಲ್ ಮಾಡಿ: (ನಂಬರ್), ಸಂಜೆ 6 ರಿಂದ 8
ಮಾರ್ಚ್ 20 ರವರೆಗೆ ಮಾತ್ರ.
```

ಎಂಟು ಸಾಲು. ಎರಡೂ ಫೋನ್‌ನಲ್ಲಿ ಮಡಿಕೆ ಬೀಳದೆ ಪೂರ್ತಿ ಕಂಡಿತು.

"ಇಂದು", "ನಾಳೆ", "ಈ ವಾರ" ಅನ್ನುವ ಪದಗಳನ್ನು ಹುಡುಕಿ ತೆಗೆದೆ. ಈ ಮೆಸೇಜ್ ಯಾವ ದಿನ ಯಾರ ಕೈಗೆ ಬೀಳುತ್ತೋ ಗೊತ್ತಿಲ್ಲ. ಅವರ ಪಾಲಿಗೆ ಬಂದ ದಿನವೇ "ಇಂದು". ಹಾಗೆಯೇ ಮೊದಲು "ನಮ್ಮ ಏರಿಯಾದಲ್ಲಿ" ಅಂತಿತ್ತು. ನಾನು ಹಾಕಿದ ಗ್ರೂಪಲ್ಲಿ ಅದಕ್ಕೆ ಅರ್ಥ ಇದೆ, ಬೇರೆ ಊರಿನ ಗ್ರೂಪಿಗೆ ಹೋದರೆ ಯಾರ ಏರಿಯಾ?

ಕಾಲ್ ಮಾಡುವ ಹೊತ್ತನ್ನು ಹಾಕಿದ್ದು ನನ್ನ ಅನುಕೂಲಕ್ಕೆ. ಗ್ರೈಂಡರ್ ಓಡುವಾಗ ಫೋನ್ ಕೇಳಿಸುವುದಿಲ್ಲ, ಕೇಳಿಸಿದರೂ ಎತ್ತಬಾರದು. ಆದರೆ ಇದರಿಂದ ಇನ್ನೊಂದು ವಿಷಯ ತಿಳಿಯಿತು. ಆರರಿಂದ ಎಂಟರ ಒಳಗೆ ಮಾಡಿದವನು ಮೆಸೇಜ್ ಪೂರ್ತಿ ಓದಿದ್ದಾನೆ. ಮಧ್ಯಾಹ್ನ ಹನ್ನೆರಡಕ್ಕೆ ಮಾಡಿ "ಏನು ಕೆಲಸ?" ಅನ್ನುವವನು ಓದಿಲ್ಲ. ಅದಕ್ಕಾಗಿ ಯಾರನ್ನೂ ಬಿಡಲಿಲ್ಲ, ಓದೋಕೆ ಬಾರದವರಿಗೆ ಬೇರೆಯವರು ಓದಿ ಹೇಳಿರುತ್ತಾರೆ. ನೋಟ್‌ಬುಕ್‌ನಲ್ಲಿ ಗುರುತು ಮಾತ್ರ ಹಾಕಿಕೊಂಡೆ.

ಮೂರು ದಿನದಲ್ಲಿ ಎಂಟು ಕಾಲ್. ಸಂಬಳ ಕೇಳಿದವರು ಇಬ್ಬರು. ಅವರಿಬ್ಬರೂ ಕೇಳಿದ್ದು "ಶನಿವಾರ ಖಂಡಿತ ಸಿಗುತ್ತಾ" ಅಂತ. ಮೂವರನ್ನು ಶಾಪ್‌ಗೆ ಕರೆದೆ, ಇಬ್ಬರು ಬಂದರು. ಇಬ್ಬರಿಗೂ ಅರ್ಧ ದಿನ ಕೆಲಸ ಕೊಟ್ಟು, ಅರ್ಧ ದಿನದ ಕೂಲಿ ಕೊಟ್ಟೆ. ಒಬ್ಬ ಕನ್ನಡಕ ಹಾಕಿಕೋ ಅಂತ ಮೂರು ಸಲ ಹೇಳಿದರೂ ಹಾಕದೆ ಗ್ರೈಂಡರ್ ಹಿಡಿದ. ಇನ್ನೊಬ್ಬ ಕಟಿಂಗ್ ವೀಲ್ ಹತ್ತಿರ ಬರೋಕೂ ಹೆದರಿ, ಆದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಹೆದರಿದವನನ್ನೇ ಇಟ್ಟುಕೊಂಡೆ. ಅವನಿಗೆ ಮೆಸೇಜ್ ತೋರಿಸಿದ್ದು ಅವನ ಅತ್ತೆ. ಅವರಿಗೆ ಬಂದಿದ್ದು ಒಬ್ಬ ಪೇಂಟರ್‌ನಿಂದ. ಆ ಪೇಂಟರ್ ನನ್ನ ಹನ್ನೆರಡು ಜನರಲ್ಲಿ ಒಬ್ಬ.

ಮಾರ್ಚ್ 15: ಮುಚ್ಚಿದ್ದು

ಆಳು ಸಿಕ್ಕ ದಿನವೇ ಹನ್ನೆರಡು ಜನಕ್ಕೂ, ಗ್ರೂಪುಗಳಿಗೂ "ವೆಲ್ಡಿಂಗ್ ಶಾಪ್ ಹೆಲ್ಪರ್ ಕೆಲಸಕ್ಕೆ ಜನ ಸಿಕ್ಕಿದ್ದಾರೆ, ದಯವಿಟ್ಟು ಹಳೆಯ ಮೆಸೇಜ್ ಫಾರ್ವರ್ಡ್ ಮಾಡಬೇಡಿ" ಅಂತ ಹಾಕಿದೆ. ಹಳೆಯ ಮೆಸೇಜ್‌ಗೇ ರಿಪ್ಲೈ ಆಗಿ ಹಾಕಿದ್ದರಿಂದ ಯಾವುದರ ಬಗ್ಗೆ ಅಂತ ಕೇಳುವವರು ಇರಲಿಲ್ಲ. ಎರಡು ಗ್ರೂಪಿನಲ್ಲಿ ಹಳೆಯದನ್ನು ಅಳಿಸಿದೆ, ಆದರೆ ಅದರಿಂದ ಎಷ್ಟು ಉಪಯೋಗ ಅಂತ ಮಾರ್ಚ್ 7ರ ಮೆಸೇಜಿನಿಂದಲೇ ಕಲಿತಿದ್ದೆನಲ್ಲ.

ಒಂದು ವಿಷಯ ಇಲ್ಲಿ ಬರೆದಿಡಬೇಕು. ಸಿಕ್ಕಿದ್ದಾರೆ ಅನ್ನುವ ಮೆಸೇಜನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಬೇಕು ಅನ್ನುವುದು ನೂರು ಕಡೆ ಹೋಗುತ್ತೆ, ಸಿಕ್ಕಿತು ಅನ್ನುವುದು ಹಾಕಿದ ಕಡೆಯೇ ಕೂತಿರುತ್ತೆ.

ಏಪ್ರಿಲ್ 2: ಇನ್ನೂ ಕಾಲ್

ಗಡುವು ಮುಗಿದು ಹದಿಮೂರು ದಿನ ಆಗಿತ್ತು. ಸಂಜೆ ಏಳಕ್ಕೆ ಒಬ್ಬರು ಕಾಲ್ ಮಾಡಿದರು, ಮಗನಿಗೆ ಕೆಲಸ ಬೇಕು ಅಂತ. ಒಳ್ಳೆಯ ಮಾತಿನ ತಾಯಿ. "ಅಮ್ಮಾ, ಮೆಸೇಜಿನ ಕೊನೆಯ ಸಾಲು ನೋಡಿ, ಮಾರ್ಚ್ 20ಕ್ಕೇ ಮುಗಿದಿದೆ" ಅಂದೆ. ಅವರು ಓದಿದರು. ಕೊನೆಯ ಸಾಲು "ಕಾಲ್ ಮಾಡಿ" ಅಂತಲೇ ಇತ್ತು.

ಅದನ್ನು ನನಗೆ ಕಳಿಸಿ ಅಂದೆ. ಬಂತು. ಯಾರೋ ಫಾರ್ವರ್ಡ್ ಒತ್ತದೆ ಕಾಪಿ ಮಾಡಿ ಅಂಟಿಸಿದ್ದಾರೆ. ಹಾಗೆ ಅಂಟಿಸುವಾಗ ಕೊನೆಯ ಸಾಲು ಬಿಟ್ಟುಹೋಗಿದೆಯೋ, ಬೇಕೆಂದೇ ತೆಗೆದಿದ್ದಾರೋ ಗೊತ್ತಿಲ್ಲ. ಎಂಟರಲ್ಲಿ ಏಳು ಸಾಲು ಇವೆ, ಗಡುವು ಮಾತ್ರ ಇಲ್ಲ. ಕೊನೆಯಲ್ಲಿ ಇರುವುದೇ ಮೊದಲು ಉದುರುತ್ತೆ ಅನ್ನುವುದು ನನಗೆ ಹೊಳೆದಿರಲಿಲ್ಲ. ನಂಬರ್ ಅಷ್ಟು ಸುಲಭಕ್ಕೆ ಉದುರಲ್ಲ, ಅದಿಲ್ಲದೆ ಮೆಸೇಜ್‌ಗೆ ಅರ್ಥವೇ ಇಲ್ಲ ಅಂತ ಎಲ್ಲರಿಗೂ ಗೊತ್ತು. ದಿನಾಂಕ ಇಲ್ಲದಿದ್ದರೂ ಓದೋಕೆ ಏನೂ ಕಡಿಮೆ ಅನ್ನಿಸುವುದಿಲ್ಲ.

ಆ ತಾಯಿಗೆ ಪರಿಚಯದ ಇನ್ನೊಂದು ಶಾಪಿನ ನಂಬರ್ ಕೊಟ್ಟೆ. ನೋಟ್‌ಬುಕ್‌ನಲ್ಲಿರುವ ಮೆಸೇಜಿನ ತಲೆಬರಹ ಹೊಡೆದು ಹಾಕಿ, ಮುಂದಿನ ಸಲಕ್ಕೆ ಹೀಗೆ ಬರೆದಿಟ್ಟಿದ್ದೇನೆ:

```
*(ದಿನಾಂಕ)ರ ಒಳಗೆ ಹೆಲ್ಪರ್ ಬೇಕು: ವೆಲ್ಡಿಂಗ್ ಶಾಪ್, (ಏರಿಯಾ)*
```